ಬೇರೆ ಬೇರೆ ಡಬ್ಬದಲ್ಲಿ ಅದೇ ಕರಡಿ

ನನ್ನ ಅಮ್ಮ ಹೆಲ್ಮಿ ಕಂಗಾಸ್ ಥಂಡರ್ ಬೇ ಊರಿನ ಆಚೆಯ ಮಣ್ಣು ರಸ್ತೆಗಳಲ್ಲಿ ಶಾಲೆ ಬಸ್ಸು ಓಡಿಸಿಯೇ ಮುದುಕಿಯಾದವಳು. ರಸ್ತೆ ಮೇಲೆ ಹಿಮ ಗಡ್ಡೆ ಕಟ್ಟಿದ್ದರೂ ಅವಳ ಬಸ್ಸು ಹಳ್ಳಕ್ಕೆ ಇಳಿದದ್ದಿಲ್ಲ. ನಾನೂ ನನ್ನ ತಮ್ಮ ರೌನೋನೂ ಅದೇ ಬಸ್ಸಿನಲ್ಲಿ ಶಾಲೆಗೆ ಹೋದವರು. ಗಲಾಟೆ ಮಾಡಿದರೆ ಮಕ್ಕಳೆಂಬ ಮುಲಾಜಿಲ್ಲದೆ ನಮ್ಮನ್ನೂ ಎಲ್ಲರೆದುರು ಬೈಯುತ್ತಿದ್ದಳು. ಅಂಥವಳ ಕಾರಿನಲ್ಲಿ ಮೊಮ್ಮಗಳನ್ನು ಕೂರಿಸಿ ಕಳಿಸಲು ನಾವ್ಯಾರೂ ಹಿಂದೆ ಮುಂದೆ ನೋಡಲಿಲ್ಲ. ನೋಡಬೇಕಿತ್ತು ಎಂದು ಗೊತ್ತಾದದ್ದು ನವೆಂಬರಿನ ಒಂದು ಶನಿವಾರ, ಕಾರು ಹೊರಟುಹೋದ ಮೇಲೆ.

ಮೊಮ್ಮಗಳ ಹೆಸರು ಸೈಮಿ, ವಯಸ್ಸು ನಾಲ್ಕು. ರೌನೋನ ಒಬ್ಬಳೇ ಮಗಳು. ನನಗೆ ಮಕ್ಕಳಿಲ್ಲ. ಹಾಗಾಗಿ ಆ ಒಂದು ಕೂಸಿನ ಮೇಲೆ ನಮ್ಮ ಇಡೀ ಬಳಗದ ಪ್ರೀತಿ ಒಟ್ಟಿಗೆ ಬಂದು ಬೀಳುತ್ತಿತ್ತು. ಆ ಪ್ರೀತಿಗೆಲ್ಲ ಬ್ಯಾಟರಿ ಬೇರೆ ಬೇಕಾಗುತ್ತಿತ್ತು. ನಾನು ಕೊಟ್ಟದ್ದು, ನನ್ನ ತಮ್ಮನ ಹೆಂಡತಿ ಟೆಸ್ಸಾಳ ಅಪ್ಪ ಅಮ್ಮ ಸಡ್‌ಬರಿ ಊರಿನಿಂದ ಕಳಿಸಿದ್ದು, ಅವಳ ಅಕ್ಕಂದಿರು ತಂದದ್ದು, ಎಲ್ಲದಕ್ಕಿಂತ ಹೆಚ್ಚಾಗಿ ನನ್ನ ಅಮ್ಮ ಹೊತ್ತು ತಂದದ್ದು. ಹುಟ್ಟುಹಬ್ಬಕ್ಕೊಂದು, ಕ್ಯಾಲೆಂಡರಿನಲ್ಲಿ ಅವಳ ಹೆಸರು ಬರುವ ದಿನಕ್ಕೊಂದು, ಹಲ್ಲು ಬಂದರೊಂದು, ಹಲ್ಲು ಬರದಿದ್ದರೂ ಒಂದು. ಕಳೆದ ಕ್ರಿಸ್‌ಮಸ್ಸಿನ ಮಾರನೆಯ ದಿನ ಆ ಪುಟ್ಟ ಮನೆಯ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಷ್ಟೆಲ್ಲದರ ನಡುವೆ ಸೈಮಿ ನಿಂತುಕೊಂಡು ಒಂದನ್ನು ಎತ್ತಿ ಎಸೆದು, ಇನ್ನೊಂದನ್ನು ಎತ್ತಿ ಎಸೆದು, ಕೊನೆಗೆ ಆಡಲು ಏನೂ ಇಲ್ಲವೆಂದು ಬಾಯಿ ಬಿಟ್ಟು ಅತ್ತಳು.

ಟೆಸ್ಸಾ ಹಲ್ಲಿನ ಡಾಕ್ಟರ ಆಫೀಸಿನಲ್ಲಿ ರಿಸೆಪ್ಶನ್ ಕೆಲಸದವಳು. ಗೊಂದಲವನ್ನು ಕಂಡರೆ ಅವಳಿಗೆ ಆಗದು. ಆ ಜನವರಿಯಲ್ಲೇ ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬಗಳನ್ನು ತಂದಳು, ಒಳಗಿರುವುದು ಹೊರಗೆ ಕಾಣದಂಥವು. ಮಗುವಿಗೆ ಇಷ್ಟವಾದ ಗೊಂಬೆಯೂ ಮರದ ಇಟ್ಟಿಗೆಗಳೂ ಸದಾ ಹೊರಗೆ. ಉಳಿದದ್ದನ್ನು ಗುಂಪು ಮಾಡಿ, ಪ್ರತಿ ಡಬ್ಬದಲ್ಲೂ ಕಟ್ಟುವುದೊಂದು, ಜೋಡಿಸುವುದೊಂದು, ಅಡುಗೆಯಾಟದ್ದೊಂದು ಎಂದು ಬೆರೆಸಿ ತುಂಬಿದಳು. ಒಂದು ಡಬ್ಬದ ಸಾಮಾನು ಹಾಲ್‌ನ ತಗ್ಗು ಕಪಾಟಿನಲ್ಲಿ, ಮಿಕ್ಕ ಡಬ್ಬಗಳು ನೆಲಮಾಳಿಗೆಯಲ್ಲಿ. ತೇವ ತಾಗದಂತೆ ನೆಲದಿಂದ ಮೇಲೆ ಹಲಗೆಯ ಮೇಲಿಟ್ಟಳು. ಮಗು ಆಟದಲ್ಲಿ ಆಸಕ್ತಿ ಕಳೆದುಕೊಂಡಿತು ಅನ್ನಿಸಿದಾಗ, ಅದು ಮಲಗಿರುವ ಹೊತ್ತಿನಲ್ಲಿ, ಇದನ್ನು ಕೆಳಗಿಳಿಸಿ ಅದನ್ನು ಮೇಲೆ ತರುವುದು.

ನಾನು ನಕ್ಕಿದ್ದೆ. ನನ್ನ ಬಾಯಿ ಸುಮ್ಮನಿರುವ ಜಾತಿಯದ್ದಲ್ಲ.

"ಏನೇ ಇದು, ಆಟದ ಸಾಮಾನಿಗೂ ಪಾಳಿನಾ? ಗೊಂಬೆಗಳು ಯೂನಿಯನ್ ಕಟ್ಟಿಬಿಟ್ಟಾವು ನೋಡು" ಎಂದೆ.

"ಕಟ್ಲಿ ಬಿಡು ಮಾರ್ಕೆತ್ತಾ. ನೀನು ಕೊಟ್ಟ ಡ್ರಮ್ಮನ್ನೇ ಲೀಡರ್ ಮಾಡ್ತೀನಿ. ಅದಕ್ಕೆ ಮಾತ್ರ ರಜೆ, ಪರ್ಮನೆಂಟ್ ರಜೆ" ಎಂದಳು ಟೆಸ್ಸಾ.

ಆದರೆ ನನ್ನ ಕಣ್ಣೆದುರೇ ಅದು ಕೆಲಸ ಮಾಡಿತು. ಕಪಾಟಿನಲ್ಲಿ ಕಡಿಮೆ ಸಾಮಾನಿದ್ದಾಗ ಸೈಮಿ ಒಂದೇ ಆಟವನ್ನು ಊಟದ ಹೊತ್ತಿನವರೆಗೂ ಆಡುತ್ತಿದ್ದಳು. ಮರೆತ ಸಾಮಾನು ಮೇಲೆ ಬಂದಾಗ ಹೊಸದು ಸಿಕ್ಕಿದಷ್ಟೇ ಕುಣಿಯುತ್ತಿದ್ದಳು. ಹೊಸದಾಗಿ ಯಾರಾದರೂ ಏನಾದರೂ ತಂದರೆ ಅವತ್ತು ಒಂದನ್ನು ಬಿಚ್ಚಲು ಕೊಟ್ಟು, ಮಿಕ್ಕದ್ದನ್ನು ಕಾಗದ ಸಹ ಬಿಚ್ಚದೆ ಬೇರೆ ಡಬ್ಬಕ್ಕೆ ಹಾಕುತ್ತಿದ್ದಳು ಟೆಸ್ಸಾ. ನನ್ನ ಅಮ್ಮ ಬರುವ ದಿನ ಅಮ್ಮ ಕೊಟ್ಟದ್ದೇನಾದರೂ ಕಪಾಟಿನಲ್ಲಿ ಕಾಣುವಂತೆ ಇಡುತ್ತಿದ್ದಳು. ಮನಸ್ಸು ನೋಯಿಸಬಾರದಲ್ಲ.

ಮನಸ್ಸು ನೋಯಿಸಬಾರದೆಂಬ ಈ ರೋಗ ನಮ್ಮ ಕಡೆಯವರಿಗೆ ಬಹಳ. ಉಡುಗೊರೆ ಬಿಚ್ಚುವ ಮೊದಲು ಮಗುವಿಗೆ ಪಾಠ ಹೇಳುತ್ತೇವೆ: ಬಿಚ್ಚು, ನಗು, ಥ್ಯಾಂಕ್ಯೂ ಹೇಳು, ತಬ್ಬಿಕೋ. ಇದು ನನ್ನ ಹತ್ತಿರ ಇದೆ ಎಂದು ಮಾತ್ರ ಹೇಳಬೇಡ, ಹಾಗೆ ಹೇಳುವುದು ಕೆಟ್ಟ ಬುದ್ಧಿ. ಒಮ್ಮೆ ಈಸ್ಟರಿನಲ್ಲಿ ಸೈಮಿ ಅಜ್ಜಿಯ ಪೊಟ್ಟಣ ಬಿಚ್ಚಿ, "ಮುಮ್ಮು, ಈ ಕರಡಿ..." ಎಂದು ಶುರುಮಾಡಿದಳು. ನಮ್ಮಲ್ಲಿ ಅಜ್ಜಿಗೆ ಮುಮ್ಮು ಎನ್ನುತ್ತೇವೆ. ಪೊಟ್ಟಣದಲ್ಲೇನಿದೆ ಎಂದು ಕೂಡ ನೋಡದೆ ಟೆಸ್ಸಾ ಕಣ್ಣು ಬಿಟ್ಟಳು, ನಾನು ತುಟಿ ಮೇಲೆ ಬೆರಳಿಟ್ಟೆ. ಮಗು ಮಾತು ನುಂಗಿಕೊಂಡು ಥ್ಯಾಂಕ್ಯೂ ಎಂದಿತು. ಎಷ್ಟು ಜಾಣೆ ಎಂದು ಎಲ್ಲರೂ ಹೊಗಳಿದೆವು.

ಬೇಸಿಗೆಯ ಕೊನೆಗೆ, ಕ್ರಿಸ್‌ಮಸ್ಸಿನ ಖರೀದಿ ಶುರುವಾಗುವ ಮುಂಚೆಯೇ, ಟೆಸ್ಸಾ ಅಮ್ಮನನ್ನು ಕೂರಿಸಿಕೊಂಡು ಮಾತಾಡಿದಳು. ಕಾಫಿ ಕೊಟ್ಟು, ಅಮ್ಮನಿಗಿಷ್ಟವಾದ ಗುಲಾಬಿ ಸಕ್ಕರೆ ಸವರಿದ ಪರ್ಷಿಯನ್ ಬನ್ನು ಕೊಟ್ಟು, ಆಮೇಲೆ ಬಾಯಿ ಬಿಟ್ಟಳು.

"ಮುಮ್ಮು, ನೀವು ಕೊಟ್ಟಿದ್ದೆಲ್ಲ ಅವಳಿಗಿಷ್ಟ. ಆದ್ರೆ ಅವಳು ರಾತ್ರಿ ಮಲಗೋವಾಗ ಹೇಳೋದು ಸಾಮಾನಿನ ಕಥೆ ಅಲ್ಲ. ನೀವು ಕರ್ಕೊಂಡು ಹೋಗಿ ಬಾತುಕೋಳಿ ತೋರಿಸಿದ್ರಲ್ಲ, ಆ ಕಥೆ. ಇನ್ನು ಮೇಲೆ ಸಾಮಾನಿನ ಬದಲು ಒಂದೊಂದು ಶನಿವಾರ ಕೊಡ್ತೀರಾ? ಈಜೋಕೆ, ಲೈಬ್ರರಿಗೆ, ಎಲ್ಲಿಗಾದ್ರೂ. ನಿಮ್ಮ ಉಡುಗೊರೆ ಅದೇ."

ಅಮ್ಮ ಮುಖ ಊದಿಸಿಕೊಂಡಳು. "ಅಂದ್ರೆ ನಾನು ತಂದಿದ್ದು ಕಸ ಅಂತೀಯಾ?"

"ಕಸ ಆಗಿದ್ರೆ ಎಸೀತಿದ್ದೆ, ಡಬ್ಬದಲ್ಲಿ ಜೋಪಾನ ಮಾಡ್ತಿರಲಿಲ್ಲ."

ಅಮ್ಮ ಬನ್ನಿನ ಸಕ್ಕರೆಯನ್ನು ಬೆರಳಲ್ಲಿ ಸವರಿ ನೆಕ್ಕಿದಳು. ಆಮೇಲೆ, "ಶನಿವಾರ ಪೂರ್ತಿ ನಂದಾ?" ಎಂದು ಕೇಳಿದಳು. ಪೂರ್ತಿ ಎಂದಳು ಟೆಸ್ಸಾ. ಅಮ್ಮನ ಮುಖ ಅರಳಿದ್ದನ್ನು ನಾನು ನೋಡಿದೆ. ಅಪ್ಪ ಹೋದ ಮೇಲೆ ಅವಳ ಮುಖ ಅಷ್ಟು ಅರಳಿದ್ದು ಕಂಡಿರಲಿಲ್ಲ.

ಶನಿವಾರಗಳು ಶುರುವಾದವು. ಬೆಳಿಗ್ಗೆ ಈಜು, ಆಮೇಲೆ ಪ್ಯಾನ್‌ಕೇಕು, ಮಧ್ಯಾಹ್ನ ಅಮ್ಮನ ಮನೆಯ ಸೌನಾದಲ್ಲಿ ಬಿಸಿ ಹಬೆಯ ಸ್ನಾನ, ಸಂಜೆಗೆ ಕೆಂಪು ಕೆನ್ನೆಯ ಮಗು ಮನೆಗೆ. ಆದರೆ ಪ್ರತಿ ಶನಿವಾರ ಮಗುವನ್ನು ಕರೆದೊಯ್ಯಲು ಬಂದಾಗ ಅಮ್ಮನ ಕೈಯಲ್ಲಿ ಚೀಲ ಮಾತ್ರ ತಪ್ಪಲಿಲ್ಲ. ಹೂವಿನ ಕಾಗದ ಸುತ್ತಿದ ಪೊಟ್ಟಣ.

"ಒಪ್ಪಿಕೊಂಡೂ ತರ್ತಾರಲ್ಲ! ಬೇಕಂತಲೇ ಮಾಡ್ತಾರೆ" ಎಂದು ಟೆಸ್ಸಾ ನನ್ನ ಹತ್ತಿರ ಹಲ್ಲು ಕಡಿದಳು.

"ಕಂಗಾಸ್ ಹಠ ಅದು. ನೀನು ಒಂದು ಅಂದ್ರೆ ಅವಳು ಎರಡು ಅಂತಾಳೆ. ಇಸ್ಕೊ, ಕೆಳಗಿಡು, ಜಗಳ ಆಡ್ಬೇಡ" ಎಂದೆ ನಾನು.

ಇಸಿದುಕೊಂಡಳು, ಬಿಚ್ಚದೆ ಕೆಳಗಿಟ್ಟಳು, ಜಗಳ ಆಡಲಿಲ್ಲ.

ನವೆಂಬರಿನ ಆ ಶನಿವಾರ ಅಮ್ಮ ಸೈಮಿಯನ್ನು ಈಜಿಗೆಂದು ಕರೆದುಕೊಂಡು ಹೋದಳು. ರೌನೋ ರೈಲ್ವೆ ಕೆಲಸದ ಮೇಲೆ ದೂರ ಹೋಗಿದ್ದ. ಕ್ರಿಸ್‌ಮಸ್ ಉಡುಗೊರೆಗಳ ಪ್ರವಾಹ ಬರುವ ಮುಂಚೆ ಡಬ್ಬಗಳನ್ನು ಖಾಲಿ ಮಾಡಿ, ಹೆಚ್ಚಾದದ್ದನ್ನು ಯಾರಿಗಾದರೂ ದಾನ ಕೊಡೋಣವೆಂದು ಟೆಸ್ಸಾ ನನ್ನನ್ನು ಕರೆದಿದ್ದಳು. ನೆಲಮಾಳಿಗೆಯಲ್ಲಿ ಎಲ್ಲಾ ಡಬ್ಬಗಳನ್ನೂ ಒಟ್ಟಿಗೆ ತೆರೆದು ಹರಡಿದೆವು. ಹಾಗೆ ಒಟ್ಟಿಗೆ ತೆರೆದದ್ದು ಅದೇ ಮೊದಲು.

ಮೊದಲ ಡಬ್ಬದಲ್ಲಿ ಕರಡಿ ಸಂಸಾರದ ಮರದ ಪಜಲ್ ಸಿಕ್ಕಿತು. ಎರಡನೆಯದರಲ್ಲೂ ಅದೇ. ಮೂರನೆಯದರಲ್ಲೂ ಅದೇ ಅಪ್ಪ ಕರಡಿ, ಅದೇ ಅಮ್ಮ ಕರಡಿ.

ಟೆಸ್ಸಾ ನಕ್ಕಳು. "ಅಯ್ಯೋ, ನಾನು ಪ್ರತಿ ಸಲ ಮೇಲೆ ತಂದಾಗ, ಓ, ಆ ಪಜಲ್ ಮತ್ತೆ ಪಾಳಿಗೆ ಬಂತು ಅಂದ್ಕೋತಿದ್ದೆ. ಬೇರೆ ಬೇರೇನಾ ಇವು? ಯಾರು ಕೊಟ್ಟಿದ್ದು?"

"ಅಮ್ಮ" ಎಂದೆ. ಈಸ್ಟರಿನಲ್ಲಿ ಸೈಮಿ ನುಂಗಿಕೊಂಡ ಮಾತು ನನಗೆ ನೆನಪಾಯಿತು. ನನಗೆ ನಗು ಬರಲಿಲ್ಲ.

ಬಿಚ್ಚದ ಪೊಟ್ಟಣಗಳ ಡಬ್ಬಕ್ಕೆ ಕೈ ಹಾಕಿದೆ. ಶನಿವಾರಗಳ ಹೂವಿನ ಕಾಗದ. ಒಂದನ್ನು ಹರಿದೆ, ಕರಡಿ. ಇನ್ನೊಂದನ್ನು ಹರಿದೆ, ಕರಡಿ. ಟೆಸ್ಸಾಳ ನಗು ನಿಂತಿತು. ನಾವಿಬ್ಬರೂ ಹರಿಯುತ್ತಾ ಹೋದೆವು. ಒಂದರಲ್ಲಿ ಮಾತ್ರ ಪಜಲ್ ಇರಲಿಲ್ಲ. ಅದರಲ್ಲಿ ಅಮ್ಮನದೇ ಅಡುಗೆಮನೆಯ ಕೈವಸ್ತ್ರ ಇತ್ತು, ಬಳಸಿದ್ದು, ಎಣ್ಣೆ ಕಲೆ ಇದ್ದದ್ದು, ಅಚ್ಚುಕಟ್ಟಾಗಿ ಮಡಿಸಿ ರಿಬ್ಬನ್ ಕಟ್ಟಿದ್ದು.

ಇದು ಹಠವಲ್ಲ. ಹಠವೆಂದು ಹೇಳಿ ಟೆಸ್ಸಾಳ ಬಾಯಿ ಮುಚ್ಚಿಸಿದವಳು ನಾನೇ. ಪಾಪ, ಅವಳ ಡಬ್ಬಗಳು ಎಷ್ಟು ಚೆನ್ನಾಗಿ ಕೆಲಸ ಮಾಡಿದ್ದವೆಂದರೆ, ಒಂದು ಕರಡಿಯನ್ನು ಇನ್ನೊಂದು ಕರಡಿ ನೋಡುವ ಹಾಗೇ ಇರಲಿಲ್ಲ. ಇದನ್ನೆಲ್ಲ ಕಂಡಿದ್ದ ಒಂದೇ ಒಂದು ಜೀವ ನಾಲ್ಕು ವರ್ಷದ ಮಗು. ಅದಕ್ಕೆ ನಾವು ಸುಮ್ಮನಿರುವುದನ್ನು ಕಲಿಸಿದ್ದೆವು.

"ಮಾರ್ಕೆತ್ತಾ" ಎಂದಳು ಟೆಸ್ಸಾ. "ಸೈಮಿ ಕಾರಲ್ಲಿದಾಳೆ."

ಅಮ್ಮನ ಫೋನಿಗೆ ಮಾಡಿದೆವು, ಎತ್ತಲಿಲ್ಲ. ಈಜುಕೊಳಕ್ಕೆ ಮಾಡಿದೆವು. ಅಲ್ಲಿನ ಹುಡುಗಿ ಹೆಲ್ಮಿ ಅಜ್ಜಿಯನ್ನು ಚೆನ್ನಾಗಿ ಬಲ್ಲವಳು, ಇವತ್ತು ಬಂದಿಲ್ಲ ಎಂದಳು. ಹೊರಗೆ ಹಿಮ ಶುರುವಾಗಿತ್ತು, ಒದ್ದೆ ಹಿಮ, ರಸ್ತೆಗೆ ಅಂಟುವಂಥದ್ದು. ನನ್ನ ಕಾರಿನಲ್ಲಿ ಅಮ್ಮನ ಮನೆಗೆ ಓಡಿದೆವು. ಬಾಗಿಲಿಗೆ ಬೀಗ ಹಾಕಿರಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಫೋನು ಬಿದ್ದಿತ್ತು, ಪಕ್ಕದಲ್ಲೇ ಸೈಮಿಯ ಈಜುಡುಗೆಯ ಚೀಲ. ಅವಳು ಅಲ್ಲಿಯವರೆಗೆ ಬಂದು, ಈಜನ್ನು ಅಲ್ಲೇ ಬಿಟ್ಟು, ಎಲ್ಲಿಗೋ ಹೊರಟಿದ್ದಳು. ಟೆಸ್ಸಾ ಆ ಚೀಲವನ್ನು ಎದೆಗವುಚಿಕೊಂಡಳು. ನನಗೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಪೊಲೀಸರಿಗೆ ಫೋನು ಮಾಡಿ ಕಾರಿನ ಬಣ್ಣ, ನಂಬರು, ಮಗುವಿನ ಕೋಟು ಎಲ್ಲಾ ಹೇಳಿದಳು. ಕೋಟು ಹಳದಿ ಎಂಬುದನ್ನು ಮಾತ್ರ ಎರಡು ಸಲ ಹೇಳಿದಳು.

ಪಕ್ಕದ ಮನೆಯ ಮುದುಕ ಓರ್ವೊ ಹಿಮ ಗುಡಿಸುತ್ತಿದ್ದ.

"ನಿಮ್ಮಮ್ಮನಾ? ಆಗಲೇ ಹೋದ್ಲು ಆ ಕಡೆ, ಊರಾಚೆ. ಕೈ ಬೀಸಿದೆ, ನೋಡ್ಲಿಲ್ಲ. ಲೇಟಾಯ್ತು, ಲೇಟಾಯ್ತು ಅಂತಿದ್ಲು. ಶನಿವಾರ ಏನಮ್ಮ ಅಷ್ಟು ಅವಸರ?"

ಲೇಟಾಯ್ತು ಎಂದು ಅಮ್ಮ ಹೇಳುತ್ತಿದ್ದದ್ದು ಒಂದೇ ಕೆಲಸಕ್ಕೆ. "ಬಸ್ಸು" ಎಂದೆ. "ಅವಳು ಬಸ್ಸಿನ ದಾರೀಲಿ ಹೋಗಿದಾಳೆ."

ಆ ದಾರಿಯನ್ನು ನಾನು ಮರೆಯಲು ಸಾಧ್ಯವೇ? ಬಾಲ್ಯವೆಲ್ಲ ಆ ಬಸ್ಸಿನ ಕಿಟಕಿಗೆ ಮೂಗೊತ್ತಿ ಕಳೆದವಳು. ಹೆದ್ದಾರಿಯಿಂದ ಎಡಕ್ಕೆ, ಗರಗಸದ ಮಿಲ್ಲು ದಾಟಿ, ಸೇತುವೆ ದಾಟಿ, ಆಮೇಲೆ ಕೊಯ್ವು ಎಂಬ ಹೆಸರಿನ ಮಣ್ಣು ರಸ್ತೆ. ಪ್ರತಿ ತಿರುವಿನಲ್ಲೂ ನಾನು ಮೊದಲು ಹಳ್ಳವನ್ನು ನೋಡುತ್ತಿದ್ದೆ, ಆಮೇಲೆ ರಸ್ತೆಯನ್ನು. ಸೇತುವೆಯ ಮೇಲೆ ಟೆಸ್ಸಾ ಕಿಟಕಿ ಇಳಿಸಿ ಕೆಳಗಿನ ಕಪ್ಪು ನೀರನ್ನು ನೋಡಿದಳು. ನಾನೂ ಅದನ್ನೇ ಯೋಚಿಸುತ್ತಿದ್ದೆ. ಒಂದು ಕಡೆ ಚಕ್ರದ ಗುರುತು ರಸ್ತೆ ಅಂಚಿಗೆ ಜಾರಿ ಮತ್ತೆ ಮೇಲೆ ಬಂದಿತ್ತು. ಟೆಸ್ಸಾ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಆಮೇಲೆ ಅಲ್ಲಿ ನೀಲಿಗಟ್ಟಿತ್ತು.

ರಸ್ತೆಯ ಕೊನೆಯಲ್ಲಿ, ಬಸ್ಸು ತಿರುಗಿಸುವ ಬಯಲಿನಲ್ಲಿ, ಅಮ್ಮನ ಕಾರು ನಿಂತಿತ್ತು. ಎಂಜಿನ್ ಓಡುತ್ತಿತ್ತು. ಹಿಂದಿನ ಗಾಜಿನ ಮೇಲೆ ಹಿಮ ದಪ್ಪಗೆ ಕೂತು ಒಳಗೆ ಏನೂ ಕಾಣಿಸುತ್ತಿರಲಿಲ್ಲ. ಹೊಗೆ ಕೊಳವೆಯ ಸುತ್ತಲೂ ಹಿಮ ಏರುತ್ತಿತ್ತು. ಇನ್ನಷ್ಟು ಏರಿ ಬಾಯಿ ಮುಚ್ಚಿದ್ದರೆ ಆ ವಿಷದ ಹೊಗೆ ಕಾರಿನೊಳಗೇ ತುಂಬುತ್ತಿತ್ತೆಂದು ಈ ಊರಿನಲ್ಲಿ ಬೆಳೆದ ಯಾರಿಗೂ ಹೇಳಿಕೊಡಬೇಕಿಲ್ಲ. ಟೆಸ್ಸಾ ಕಾರು ನಿಲ್ಲುವ ಮುಂಚೆಯೇ ಇಳಿದು ಓಡಿ ಹಿಂದಿನ ಬಾಗಿಲನ್ನು ಎಳೆದಳು.

ಸೈಮಿ ತನ್ನ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು ಕೂತಿದ್ದಳು. ಕಣ್ಣುಗಳು ದೊಡ್ಡವಾಗಿದ್ದವು, ಚಡ್ಡಿ ಒದ್ದೆಯಾಗಿತ್ತು. ಅಳುತ್ತಿರಲಿಲ್ಲ.

"ಮಾತಾಡ್ಬಾರ್ದು ಅಂದ್ಲು ಮುಮ್ಮು" ಎಂದು ಪಿಸುಗುಟ್ಟಿದಳು. "ನನ್ನನ್ನ ಐಲಾ ಅಂತಿದಾಳೆ. ನಾನು ಸೈಮಿ ಅಂತ ಹೇಳ್ಲಿಲ್ಲಮ್ಮ. ಬೇಜಾರಾಗತ್ತೆ ಅಲ್ವಾ?"

ಟೆಸ್ಸಾ ಮಗುವನ್ನು ಎತ್ತಿಕೊಂಡು ಹಿಮದಲ್ಲೇ ಮಂಡಿಯೂರಿ ಕೂತುಬಿಟ್ಟಳು. ಆಗ ಮಗು ಅತ್ತಿತು.

ಅಮ್ಮ ಸ್ಟೇರಿಂಗ್ ಹಿಡಿದು ನೆಟ್ಟಗೆ ಕೂತು ಮುಂದಿನ ಕಾಡನ್ನೇ ನೋಡುತ್ತಿದ್ದಳು. ನಾನು ಅವಳ ಬಾಗಿಲು ತೆರೆದೆ.

"ಲೈನ್ ಮನೆ ಮಕ್ಕಳು ಇನ್ನೂ ಬಂದಿಲ್ಲ" ಎಂದಳು. "ಈ ಹಿಮದಲ್ಲಿ ಬಿಟ್ಟು ಹೋಗಕ್ಕಾಗತ್ತೇನೇ?"

ಐಲಾಳಂತೆ ಲೈನ್ ಮನೆತನದ ಮಕ್ಕಳೂ ಹಿಂದೆ ಅಮ್ಮನ ಬಸ್ಸಿನಲ್ಲಿ ಬರುತ್ತಿದ್ದವರು, ನನಗಿಂತ ದೊಡ್ಡವರು, ಒಬ್ಬನಿಗೆ ಈಗ ಮೊಮ್ಮಕ್ಕಳಿದ್ದಾರೆ. ನಾನು ಎಂಜಿನ್ ಆರಿಸಿ, "ಅವರನ್ನ ಅವರಪ್ಪ ಕರ್ಕೊಂಡು ಹೋದ್ರಮ್ಮ. ನೀನು ಈ ಕಡೆ ಸರಿ, ನಾನು ಓಡಿಸ್ತೀನಿ" ಎಂದೆ. ಜನ್ಮದಲ್ಲಿ ನನಗೆ ಸ್ಟೇರಿಂಗ್ ಬಿಟ್ಟುಕೊಡದವಳು ತಕರಾರಿಲ್ಲದೆ ಪಕ್ಕದ ಸೀಟಿಗೆ ಹೋದಳು. ಅದು ನನ್ನನ್ನು ಬೇರೆಲ್ಲಕ್ಕಿಂತ ಹೆಚ್ಚು ಹೆದರಿಸಿತು.

ಟೆಸ್ಸಾ ಪೊಲೀಸರಿಗೆ ಮಗು ಸಿಕ್ಕಿತೆಂದು ಹೇಳಿ, ಅಮ್ಮನ ಕಾರಿನಿಂದ ಮಗುವಿನ ಸೀಟನ್ನು ಬಿಚ್ಚಿ ನನ್ನ ಕಾರಿಗೆ ಹಾಕಿ ಮುಂದೆ ಹೋದಳು. ನಾನು ಅಮ್ಮನ ಕಾರಿನಲ್ಲಿ ಹಿಂದೆ. ಸೇತುವೆ ದಾಟುವಾಗ ಅಮ್ಮ ಸುತ್ತಲೂ ನೋಡಿದಳು. ಹಿಂದಿನ ಸೀಟು ನೋಡಿದಳು. ಅವಳಿಗೆ ಎಚ್ಚರ ಬಂದದ್ದು ನನಗೆ ಗೊತ್ತಾಯಿತು.

"ಮಗು ಎಲ್ಲಿ?"

"ಮುಂದಿನ ಕಾರಲ್ಲಿದೆ. ಚೆನ್ನಾಗಿದೆ."

"ನಾನು ಅದನ್ನ ಇಲ್ಲಿಗೆ ತಂದೆನಾ?"

ನಾನು ವೈಪರನ್ನು ಜೋರು ಮಾಡಿದೆ. ಸ್ವಲ್ಪ ದೂರ ಹೋದ ಮೇಲೆ ಕೇಳಿದೆ. "ಅಮ್ಮ, ಆ ಕರಡಿ ಪಜಲ್ ಯಾಕೆ ಅಷ್ಟೊಂದು ತಂದೆ?"

ಅವಳು ಕಿಟಕಿಯ ಮಂಜನ್ನು ಅಂಗೈಯಲ್ಲಿ ಒರೆಸಿದಳು.

"ಕೊಟ್ನೋ ಇಲ್ವೋ ಅಂತ ನೆನಪಾಗ್ತಿರ್ಲಿಲ್ಲ ಕಣೇ" ಎಂದಳು. "ಅಂಗಡೀಲಿ ನಿಂತ್ಕೊಂಡು ಎಷ್ಟು ಯೋಚಿಸಿದ್ರೂ ಗೊತ್ತಾಗ್ತಿರ್ಲಿಲ್ಲ. ಕೇಳೋಣ ಅಂದ್ರೆ ನಿಮಗೆಲ್ಲ ಗೊತ್ತಾಗಿಬಿಡತ್ತೆ. ಕೊಡದೆ ಇರೋದಕ್ಕಿಂತ ಇನ್ನೊಂದ್ಸಲ ಕೊಡೋದು ಮೇಲು ಅಂತ ತಗೊಂಡ್ಬಿಡ್ತಿದ್ದೆ. ನೀವು ಯಾರೂ ಏನೂ ಅನ್ನಲಿಲ್ಲ. ಮಗೂನೂ ಖುಷಿಯಾಗಿ ತಬ್ಬಿಕೋತಿತ್ತು. ಹಾಗಾದ್ರೆ ಮೊದ್ಲು ಕೊಟ್ಟಿಲ್ಲ, ನನ್ನ ತಲೆ ಇನ್ನೂ ಪರವಾಗಿಲ್ಲ ಅಂದ್ಕೊಂಡೆ."

ನನಗೆ ರಸ್ತೆ ಮಂಜಾಯಿತು. ಅವಳಿಗೆ ಗೊತ್ತಿತ್ತು. ತಿಂಗಳುಗಟ್ಟಲೆ ಒಬ್ಬಳೇ ಆ ಭಯವನ್ನು ಹೂವಿನ ಕಾಗದದಲ್ಲಿ ಸುತ್ತಿ ನಮ್ಮ ಕೈಗೆ ಕೊಡುತ್ತಿದ್ದಳು. ನಾವು ನಯವಾಗಿ ಇಸಿದುಕೊಂಡು, ಬಿಚ್ಚದೆ ನೆಲಮಾಳಿಗೆಗೆ ಇಳಿಸುತ್ತಿದ್ದೆವು.

"ಶನಿವಾರ ತೆಗೆದುಬಿಡ್ತಾಳಾ?" ಎಂದು ಕೇಳಿದಳು ಅಮ್ಮ. "ಬೇರೆ ಏನು ಬೇಕಾದ್ರೂ ತೆಗೀಲಿ. ಕಾರು ತೆಗೀಲಿ. ಶನಿವಾರ ಬೇಡ ಅಂತ ಹೇಳೇ."

ನಾನು ಯಾವ ಬಾಯಲ್ಲಿ ಮಾತು ಕೊಡಲಿ? ಅದು ನನ್ನ ಮಗುವಲ್ಲ. ತಾಯಿಯಾದವಳು ಆ ಸೇತುವೆಯ ಮೇಲಿಂದ ನೀರನ್ನು ನೋಡಿದ್ದನ್ನು ನಾನು ಕಂಡಿದ್ದೆ.

ಟೆಸ್ಸಾಳ ಮನೆ ಮುಟ್ಟಿದಾಗ ಮಗುವನ್ನು ಆಗಲೇ ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿದ್ದಳು. ಒಳಗಿಂದ ನೀರು ಬಡಿಯುವ ಸದ್ದು ಕೇಳುತ್ತಿತ್ತು. ಬಚ್ಚಲ ಬಾಗಿಲನ್ನು ತೆರೆದೇ ಇಟ್ಟು, ಮಗು ಕಣ್ಣಿಗೆ ಬೀಳುವಷ್ಟು ದೂರದಲ್ಲಿ, ಮುಂಬಾಗಿಲಿಗೆ ಬಂದು ನಿಂತಳು. ಕಣ್ಣು ಕೆಂಪಾಗಿತ್ತು. ಅಮ್ಮ ಹೊಸಿಲಿನ ಆಚೆ ನಿಂತಳು, ದಾಟಲಿಲ್ಲ. ಒಳಗೆ ಬನ್ನಿ ಎಂದು ಟೆಸ್ಸಾ ಕರೆಯಲೂ ಇಲ್ಲ.

"ಇನ್ನು ಮೇಲೆ ಅವಳು ನಿಮ್ಮ ಕಾರು ಹತ್ತಲ್ಲ" ಎಂದಳು ಟೆಸ್ಸಾ.

"ಹ್ಞೂಂ."

"ನಿಮ್ಮ ಜೊತೆ ಒಬ್ಬಳನ್ನೇ ಬಿಡಲ್ಲ. ಬೇಜಾರಾದ್ರೂ ಬಿಡಲ್ಲ."

"ಹ್ಞೂಂ."

"ಸೋಮವಾರ ಡಾಕ್ಟರ ಹತ್ರ ಹೋಗ್ತೀರಿ. ಮಾರ್ಕೆತ್ತಾ ಕರ್ಕೊಂಡು ಹೋಗ್ತಾಳೆ."

ಅಮ್ಮ ತಲೆಯಾಡಿಸಿದಳು. ಎಷ್ಟೋ ಮಕ್ಕಳನ್ನು ಗದರಿಸಿ ಕೂರಿಸಿದ ಹೆಂಗಸು ಶಾಲೆಯಲ್ಲಿ ತಪ್ಪು ಮಾಡಿದ ಹುಡುಗಿಯಂತೆ ನಿಂತಿದ್ದಳು. ಟೆಸ್ಸಾ ಒಮ್ಮೆ ಬಚ್ಚಲ ಕಡೆ ತಿರುಗಿ ನೋಡಿದಳು, ಮತ್ತೆ ಇತ್ತ ತಿರುಗಿದಳು.

"ಶನಿವಾರ ಇಲ್ಲಿಗೆ ಬನ್ನಿ. ನಾನೂ ಇರ್ತೀನಿ."

"ಕಾವಲಿಗಾ?" ಎಂದಳು ಅಮ್ಮ.

"ಹೌದು, ಕಾವಲಿಗೆ." ಎಂದಳು ಟೆಸ್ಸಾ. "ನಯವಾಗಿ ಹೇಳಿ ಹೇಳಿ ಸಾಕಾಯ್ತು ನನಗೆ. ಭಯ ಆಗತ್ತೆ ಮುಮ್ಮು. ನಿಮ್ಮನ್ನ ನೋಡಿದ್ರೆ ಭಯ ಆಗತ್ತೆ."

"ನಂಗೂ ಕಣೇ" ಎಂದಳು ನನ್ನ ಅಮ್ಮ. "ನಂಗೂ ಅದೇ ಭಯ."

ಟೆಸ್ಸಾ ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತಳು. ಅಮ್ಮ ಗೋಡೆ ಹಿಡಿದುಕೊಂಡು ಒಳಗೆ ಬಂದು, ಬಾಗಿ, ಬೂಟಿನ ದಾರ ಬಿಚ್ಚತೊಡಗಿದಳು.